ಬರದ ವರ್ಷದಲ್ಲೂ ಮಾಲು ತಪ್ಪಿಸದವರಿಗೆ ಮೂರು ನಿಮಿಷದ ಧನ್ಯವಾದ ಭಾಷಣ: ಬರೆಯುವ ಕ್ರಮ, ಪೂರ್ತಿ ಮಾದರಿ

ದಾವಣಗೆರೆಯಲ್ಲಿ ಹೋಟೆಲ್, ಅಕ್ಕಿ ಗಿರಣಿ, ಖಾರ ಮಂಡಕ್ಕಿ ಅಂಗಡಿ ನಡೆಸುವವರು ಮಾಲು ಕೊಡುವವರನ್ನೆಲ್ಲ ಕರೆದು ಒಂದು ಊಟ ಹಾಕಿಸುತ್ತಾರೆ. ಶಾಲು, ಹಣ್ಣಿನ ಬುಟ್ಟಿ ಎಲ್ಲ ಚೆನ್ನಾಗಿಯೇ ಇರುತ್ತವೆ. ಕೆಡುವುದು ಭಾಷಣ. "ನಿಮ್ಮೆಲ್ಲರ ಸಹಕಾರದಿಂದ ನಾವು ಈ ಮಟ್ಟಕ್ಕೆ ಬಂದಿದ್ದೇವೆ, ಮುಂದೆಯೂ ಹೀಗೇ ಸಹಕಾರ ಇರಲಿ" ಎಂದು ಮುಗಿಸುತ್ತಾರೆ. ಕೇಳಿದವರಿಗೆ ತಮ್ಮ ಯಾವ ಕೆಲಸಕ್ಕೆ ಈ ಧನ್ಯವಾದ ಎಂದು ಗೊತ್ತಾಗುವುದಿಲ್ಲ. ತಿದ್ದಿಕೊಡಿ ಎಂದು ನನಗೆ ಬರುವ ಪ್ರತಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ ತಪ್ಪು.

ಕಾರಣ ಇದೆ. ಮಾಲು ಬರದಿದ್ದ ದಿನ ಎಲ್ಲರಿಗೂ ನೆನಪಿರುತ್ತದೆ. ಬಂದ ದಿನ ಯಾರಿಗೂ ನೆನಪಿರುವುದಿಲ್ಲ. ಬೆಣ್ಣೆ ಸರಿಯಾದ ಹೊತ್ತಿಗೆ ಬಂದರೆ ದೋಸೆ ಹೊಯ್ಯುತ್ತಾರೆ, ಅಷ್ಟೇ. ಹಾಗಾಗಿ ಸುಮ್ನೆ ಕೂತು ಯೋಚಿಸಿದರೆ ಇಂಥ ಭಾಷಣಕ್ಕೆ ಸರಕು ಸಿಗುವುದಿಲ್ಲ. ಪುಸ್ತಕ ತೆಗೆದು ಹುಡುಕಬೇಕು. ಬರೆಯುವುದಕ್ಕಿಂತ ಈ ಹುಡುಕುವ ಕೆಲಸವೇ ದೊಡ್ಡದು.

ಒಂದು ಬೆಣ್ಣೆ ದೋಸೆ ಹೋಟೆಲನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎರಡು ಕಡೆ ಅಂಗಡಿ, ದಿನಕ್ಕೆ ಸುಮಾರು 20 ಕೆಜಿ ಬೆಣ್ಣೆ ಬೇಕು. ಮಾಲು ಕೊಡುವವರು ಇಪ್ಪತ್ತು ಚಿಲ್ಲರೆ ಜನ. ಕಷ್ಟದ ವರ್ಷ ಎಂದರೆ 2023-24. ಆ ಸಲ ಮಳೆ ಕೈಕೊಟ್ಟಿತು, ಭದ್ರಾ ಜಲಾಶಯ ತುಂಬಲಿಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಸಮಾರಂಭ ಆ ಬೇಸಿಗೆ ಮುಗಿಯುವ ಹೊತ್ತಿಗೆ.

## ಮೊದಲು ಕೈಗೆ ಬೇಕಾದವು

ಮಾಲು ಇಳಿಸಿಕೊಂಡ ಪುಸ್ತಕ, ಬಿಲ್ಲುಗಳ ಕಟ್ಟು, ಮಾಲು ಕೊಡುವವರ ಜೊತೆಗಿನ ವಾಟ್ಸ್‌ಆ್ಯಪ್ ಮಾತುಕತೆ, ಹಳೆಯ ಕ್ಯಾಲೆಂಡರ್. ಇವುಗಳ ಜೊತೆಗೆ ಅಡುಗೆಮನೆಯಲ್ಲಿ ಮಾಲು ತೂಗಿ ಇಳಿಸಿಕೊಳ್ಳುವ ಆಳು ಅರ್ಧ ಗಂಟೆ ಪಕ್ಕದಲ್ಲಿ ಕೂರಬೇಕು. ಯಜಮಾನರಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಅವನಿಗೆ ಗೊತ್ತಿರುತ್ತವೆ. ಯಾರು ಮಳೆಯಲ್ಲಿ ನೆನೆದು ಬಂದರು, ಯಾರು ಹರಿದ ಚೀಲವನ್ನು ಕೇಳದೆಯೇ ಬದಲಿಸಿಕೊಟ್ಟರು ಎನ್ನುವುದು ಯಾವ ಬಿಲ್ಲಿನಲ್ಲೂ ಇರುವುದಿಲ್ಲ.

## ಹಂತ 1: ಬಾಕಿ ಲೆಕ್ಕ ನೋಡಿ

ಪೆನ್ನು ಹಿಡಿಯುವ ಮೊದಲು ಕರೆಯಲಿರುವ ಪ್ರತಿಯೊಬ್ಬರ ಖಾತೆ ತೆಗೆಯಿರಿ. ಯಾರಿಗಾದರೂ ಎರಡು ತಿಂಗಳ ಹಣ ಕೊಡುವುದು ಉಳಿದಿದ್ದರೆ, ಸಮಾರಂಭಕ್ಕೆ ಮೊದಲೇ ಕೊಟ್ಟುಬಿಡಿ. ಪೂರ್ತಿ ಆಗದಿದ್ದರೆ ಇಂಥ ದಿನ ಕೊಡುತ್ತೇನೆ ಎಂದು ಅವರಿಗೇ ಫೋನ್ ಮಾಡಿ ಹೇಳಿ. ಬಾಕಿ ಉಳಿಸಿಕೊಂಡು ಶಾಲು ಹೊದಿಸಿದರೆ, ಅವರು ಶಾಲಿನ ಬೆಲೆಯನ್ನೂ ಲೆಕ್ಕ ಹಾಕುತ್ತಾರೆ.

ಕಾನೂನಿನ ಮಾತೂ ಇದೆ. ಸಣ್ಣ ಉದ್ದಿಮೆಗಳ 2006ರ ಕಾಯ್ದೆಯ ಪ್ರಕಾರ, ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಯಿಂದ ಮಾಲು ತಗೊಂಡರೆ, ಬರಹದ ಒಪ್ಪಂದ ಇಲ್ಲದಿದ್ದಾಗ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಭಾಷಣದಲ್ಲಿ ಇದನ್ನು ಹೇಳಬೇಕಾಗಿಲ್ಲ. ನಿಮ್ಮ ಬಾಕಿ ಯಾವ ಕಡೆ ಇದೆ ಎಂದು ನೋಡಿಕೊಳ್ಳಲು ಸಾಕು.

## ಹಂತ 2: ಕಷ್ಟದ ದಿನಗಳ ಪಟ್ಟಿ ಮಾಡಿ, ಆಮೇಲೆ ಪುಸ್ತಕ ತೆರೆಯಿರಿ

ಈ ಕ್ರಮ ತಿರುಗುಮುರುಗು ಆಗಬಾರದು. ಮೊದಲೇ ಮಾಲಿನ ಪುಸ್ತಕ ತೆರೆದರೆ ಮುನ್ನೂರು ಚಿಲ್ಲರೆ ದಿನಗಳೂ ಒಂದೇ ಥರ ಕಾಣುತ್ತವೆ. ಮೊದಲು ಒಂದು ಹಾಳೆಯಲ್ಲಿ, ಆ ವರ್ಷ ಮಾಲು ಬರದಿದ್ದರೂ ಯಾರೂ ಬೈಯುತ್ತಿರಲಿಲ್ಲ ಎನ್ನುವಂಥ ದಿನಗಳನ್ನು ಬರೆಯಿರಿ. ನಮ್ಮ ಹೋಟೆಲಿನ ಹಾಳೆಯಲ್ಲಿ ಬಂದವು ಮುಖ್ಯವಾಗಿ ಮೂರು.

ಒಂದು, 2023ರ ಸೆಪ್ಟೆಂಬರ್ 29. ಕಾವೇರಿ ವಿಚಾರಕ್ಕೆ ಕರ್ನಾಟಕ ಬಂದ್ ಆದ ದಿನ. ಎರಡು, ನಾಲೆ ನೀರಿನ ತಾಪತ್ರಯದಿಂದ ಭತ್ತದ ಆವಕ ಕಡಿಮೆಯಾಗಿ ದರ ಏರಿದ ತಿಂಗಳುಗಳು. ಭತ್ತ ಏರಿದರೆ ಮಂಡಕ್ಕಿ ಏರುತ್ತದೆ. ದಾವಣಗೆರೆ ದೋಸೆ ಹಿಟ್ಟಿಗೆ ಮಂಡಕ್ಕಿ ಬೇಕೇ ಬೇಕು, ಹಾಗಾಗಿ ಏಟು ನೇರ ಅಡುಗೆಮನೆಗೆ. ಮೂರು, 2024ರ ಮಾರ್ಚ್, ಏಪ್ರಿಲ್. ಮೇವಿಲ್ಲದೆ ಹಳ್ಳಿಗಳಲ್ಲಿ ಹಾಲು ಕಡಿಮೆಯಾಗಿ ಬೆಣ್ಣೆ ಸಿಗುವುದೇ ಕಷ್ಟವಾಗಿತ್ತು.

ಈಗ ಪುಸ್ತಕ ತೆರೆದು ಆ ದಿನಗಳ ಪುಟ ಮಾತ್ರ ನೋಡಿ. ಬಂದ್ ದಿನದ ಪುಟದಲ್ಲಿ ತೆಂಗಿನಕಾಯಿಯ ಸಾಲೇ ಇರಲಿಲ್ಲ. ಹಿಂದಿನ ಪುಟದಲ್ಲಿ ಮಾತ್ರ ಎರಡು ಸಲ ಕಾಯಿ ಇಳಿಸಿದ ಗುರುತಿತ್ತು. ತೂಗುವ ಹುಡುಗನನ್ನು ಕೇಳಿದಾಗ ಉತ್ತರ ಸಿಕ್ಕಿತು. ಬಂದ್ ಬೆಳಗ್ಗೆ 6ಕ್ಕೆ ಶುರುವಾಗುತ್ತದೆ ಎಂದು ಹೊಸದುರ್ಗದ ಕಡೆಯಿಂದ ಬರುವ ಟೆಂಪೊ ಚಾಲಕ ಹಿಂದಿನ ರಾತ್ರಿಯೇ ಎರಡನೇ ಸಲ ಬಂದು ಹೋಗಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಇಂಥ ಸಾಲು ಸಿಕ್ಕಿತು ಎಂದರೆ ನಿಮ್ಮ ಭಾಷಣಕ್ಕೆ ಒಂದು ಕಂಬ ಸಿಕ್ಕ ಹಾಗೆ.

ಕಡಿಮೆ ಬಂದ ದಿನಗಳನ್ನೂ ಬಿಡಬೇಡಿ. ಬೆಣ್ಣೆಯ ಪುಟದಲ್ಲಿ ಮಾರ್ಚ್‌ನ ಕೆಲವು ದಿನ 20 ಕೆಜಿ ಬದಲು 14 ಕೆಜಿ ಎಂದಿತ್ತು. ಇದನ್ನು ಕಂಡು, ಇವರನ್ನು ಹೊಗಳುವುದು ಹೇಗೆ ಎಂದು ಕೈಬಿಡುವವರೇ ಜಾಸ್ತಿ. ಆದರೆ ವಾಟ್ಸ್‌ಆ್ಯಪ್ ತೆಗೆದು ನೋಡಿದರೆ, ಆ ಪ್ರತಿ ದಿನದ ಹಿಂದಿನ ಸಂಜೆ "ನಾಳೆ ಆರು ಕೆಜಿ ಕಡಿಮೆ ಬೀಳುತ್ತೆ ಯಜಮಾನ್ರೇ" ಎಂಬ ಧ್ವನಿ ಸಂದೇಶ ಇತ್ತು. ಸಂಜೆಯೇ ಗೊತ್ತಾದರೆ ಬೇರೆ ಕಡೆ ಕೇಳಬಹುದು, ಇಲ್ಲದಿದ್ದರೆ ಒಂದು ಅಂಗಡಿಯ ಪಾರ್ಸೆಲ್ ನಿಲ್ಲಿಸಬಹುದು. ಬೆಳಗ್ಗೆ 6ಕ್ಕೆ ಹಂಚು ಕಾದಿರುವಾಗ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಬರದ ವರ್ಷದಲ್ಲಿ ಎಲ್ಲರಿಗೂ ಪೂರ್ತಿ ಮಾಲು ಕೊಡಲು ಆಗುವುದಿಲ್ಲ. ಕೊಡಲಾಗದ್ದನ್ನು ಮೊದಲೇ ಹೇಳುವುದೂ ನಂಬಿಕೆಯ ವ್ಯವಹಾರವೇ. ನನ್ನ ಮಟ್ಟಿಗೆ ಇಡೀ ಭಾಷಣದಲ್ಲಿ ತೂಕದ ಮಾತು ಇದೇ.

## ಹಂತ 3: ಮೂರೇ ಸಂಗತಿ ಆರಿಸಿ

ಮೂರು ನಿಮಿಷಕ್ಕೆ ಮೂರು ಸಂಗತಿ. ನಾಲ್ಕನೆಯದು ಬಂದರೆ ಎಲ್ಲವೂ ಅರ್ಧ ಅರ್ಧ ಆಗುತ್ತವೆ. ಆರಿಸುವಾಗ ಮೂರೂ ಬೇರೆ ಬೇರೆ ಗುಣ ತೋರಿಸುವಂತೆ ನೋಡಿ. ಹೇಳುವ ಮೊದಲೇ ಬಂದದ್ದು ಒಂದು. ದರ ಏರಿದರೂ ಗುಣಮಟ್ಟ ಇಳಿಸದ್ದು ಇನ್ನೊಂದು. ಕಡಿಮೆಯಾಗುವುದನ್ನು ಮೊದಲೇ ತಿಳಿಸಿದ್ದು ಮತ್ತೊಂದು. ಮೂವರೂ "ಸಮಯಕ್ಕೆ ಸರಿಯಾಗಿ ತಂದುಕೊಟ್ಟರು" ಎಂದಾದರೆ ಎರಡನೆಯದಕ್ಕೇ ಜನ ಮೊಬೈಲ್ ನೋಡಲು ಶುರು ಮಾಡುತ್ತಾರೆ.

ದೊಡ್ಡ ಬಿಲ್ಲಿನವರನ್ನೇ ಆರಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ತಿಂಗಳಿಗೆ ಲಕ್ಷದ ವ್ಯಾಪಾರ ಮಾಡುವವರಿಗೆ ನಿಮ್ಮ ವ್ಯಾಪಾರವೇ ಧನ್ಯವಾದ. ಬಾಳೆ ಎಲೆ, ಕೊತ್ತಂಬರಿ, ಸೌದೆ ತರುವವರಲ್ಲಿ ಒಬ್ಬರ ಸಂಗತಿಯಾದರೂ ಇದ್ದರೆ ಇಡೀ ಸಭೆ ನೆಟ್ಟಗೆ ಕೂರುತ್ತದೆ. ಮತ್ತೊಂದು ನೋಡಿ: ಮಾಲು ಕಳಿಸಿದವರು ಒಬ್ಬರು, ತಂದವರು ಇನ್ನೊಬ್ಬರು ಇರುತ್ತಾರೆ. ರಾತ್ರಿ ಟೆಂಪೊ ಓಡಿಸಿದವರು ಚಾಲಕರಾದರೆ, ಮಾಲೀಕರ ಹೆಸರಿನ ಜೊತೆ ಚಾಲಕರ ಹೆಸರನ್ನೂ ಹೇಳಿ. ಚಾಲಕರನ್ನು ಸಮಾರಂಭಕ್ಕೂ ಕರೆಯಿರಿ.

ಉಳಿದ ಹದಿನೇಳು ಹದಿನೆಂಟು ಜನರ ಕಥೆ? ಅವರ ಹೆಸರುಗಳನ್ನು ಭಾಷಣದಲ್ಲಿ ಓದಬೇಡಿ. ಶಾಲು ಕೊಡುವಾಗ ಒಬ್ಬೊಬ್ಬರಿಗೂ ಒಂದೊಂದು ಸಾಲು ಹೇಳಿ. ಅದಕ್ಕೆ ಬೇರೆ ಚೀಟಿ ಮಾಡಿಟ್ಟುಕೊಳ್ಳಿ.

## ಹಂತ 4: ಹೇಳಬಹುದಾ ಎಂದು ಅವರನ್ನೇ ಕೇಳಿ

ಈ ಹಂತವನ್ನು ಬಹಳ ಜನ ಬಿಡುತ್ತಾರೆ, ಇಲ್ಲೇ ದೊಡ್ಡ ಎಡವಟ್ಟು ಆಗುವುದು. ಉದಾಹರಣೆಗೆ ಮಂಡಕ್ಕಿ ಭಟ್ಟಿಯವರು ದರ ಏರಿದ ಮೇಲೂ ಎರಡು ತಿಂಗಳು ನಿಮಗೆ ಹಳೆಯ ದರಕ್ಕೇ ಕೊಟ್ಟಿದ್ದಾರೆ ಎನ್ನಿ. ನೀವು ಪ್ರೀತಿಯಿಂದಲೇ ಅದನ್ನು ಮೈಕಿನಲ್ಲಿ ಹೇಳುತ್ತೀರಿ. ಅದೇ ಎರಡು ತಿಂಗಳು ಅವರು ಬೇರೆ ಹೋಟೆಲುಗಳಿಗೆ ಹೊಸ ದರ ಹಾಕಿರುತ್ತಾರೆ. ಆ ಹೋಟೆಲುಗಳಿಗೂ ಕಾಯಿ, ಸೌದೆ ಹಾಕುವವರು ಅದೇ ಸಭೆಯಲ್ಲಿ ಕೂತಿರುತ್ತಾರೆ. ಮರುದಿನ ಬೆಳಗ್ಗೆ ಭಟ್ಟಿಯವರ ಫೋನ್ ಬಿಡುವಿಲ್ಲದೆ ಬಾರಿಸುತ್ತದೆ. ಉಪಕಾರ ಮಾಡಿದವರಿಗೇ ನೀವು ತೊಂದರೆ ತಂದಂತಾಯಿತು, ಅಲ್ವಾ?

ಹಾಗಾಗಿ ದರ, ರಿಯಾಯಿತಿ, ಉದ್ರಿ ಎಷ್ಟು ದಿನ ಕೊಟ್ಟರು ಎಂಬ ಮೂರನ್ನೂ ಭಾಷಣದಿಂದ ದೂರ ಇಡಿ. ಮನೆಯ ಕಷ್ಟವೂ ಹಾಗೆಯೇ. "ಮನೆಯಲ್ಲಿ ಸಾವಾಗಿದ್ದರೂ ಮಾಲು ಕಳಿಸಿದರು" ಎಂದು ಹೇಳುವ ಮುನ್ನ ಅವರ ಒಪ್ಪಿಗೆ ಬೇಕೇ ಬೇಕು. ಫೋನ್ ಮಾಡಿ, "ಅಣ್ಣ, ಸಭೆಯಲ್ಲಿ ಇದೊಂದು ಮಾತು ಹೇಳಬೇಕು ಅಂತಿದ್ದೀನಿ, ನಿಮಗೆ ಏನೂ ತೊಂದರೆ ಇಲ್ಲ ತಾನೆ?" ಎಂದು ಕೇಳಿದರೆ ಸಾಕು. ಅವರು ಸ್ವಲ್ಪ ತಡೆದು "ನಿಮ್ಮಿಷ್ಟ" ಎಂದರೆ, ಬೇಡ ಎಂದೇ ತಿಳಿಯಿರಿ. ಭಟ್ಟಿಯವರ ವಿಷಯದಲ್ಲಿ ದರದ ಮಾತು ತೆಗೆದು, ಮಂಡಕ್ಕಿಯ ಗುಣಮಟ್ಟ ಇಳಿಯಲಿಲ್ಲ ಎನ್ನುವುದನ್ನು ಮಾತ್ರ ಉಳಿಸಿಕೊಳ್ಳಬಹುದು.

ಇದೇ ಫೋನಿನಲ್ಲಿ ಹೆಸರನ್ನೂ ಸರಿಮಾಡಿಕೊಳ್ಳಿ. ವರ್ಷಗಟ್ಟಲೆ "ಬೆಣ್ಣೆ ಅಣ್ಣ", "ಭಾಯಿ", "ಕಾಯಿ ಸಾವ್ಕಾರ್ರು" ಎಂದೇ ಕರೆದವರ ಪೂರ್ತಿ ಹೆಸರು ಎಷ್ಟೋ ಸಲ ಗೊತ್ತಿರುವುದಿಲ್ಲ. ಭಾಷಣದಲ್ಲಿ ಹೆಸರು ಹೇಳಿ, ಅದರ ಜೊತೆಗೇ ನೀವು ದಿನಾ ಕರೆಯುವ ರೀತಿಯನ್ನೂ ಸೇರಿಸಿ. ಬರೀ "ಶ್ರೀಯುತ" ಎಂದರೆ ಅವರಿಗೇ ಬೇರೆ ಯಾರನ್ನೋ ಕರೆದ ಹಾಗೆ ಕೇಳುತ್ತದೆ.

## ಹಂತ 5: ಬರೆಯುವ ಕ್ರಮ

ಮೈಕಿನ ಮುಂದೆ ನಿಧಾನವಾಗಿ, ಅಲ್ಲಲ್ಲಿ ನಿಲ್ಲಿಸಿ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ 80ರಿಂದ 90 ಪದ ಎಂದು ಲೆಕ್ಕ ಇಟ್ಟುಕೊಳ್ಳಿ. ಮೂರು ನಿಮಿಷಕ್ಕೆ 250 ಪದ ಸಾಕು. ಕೈಬರಹದಲ್ಲಿ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ.

ಮೊದಲು ನಮಸ್ಕಾರ ಮತ್ತು ಎಷ್ಟು ಹೊತ್ತು ಮಾತಾಡುತ್ತೀರಿ ಎನ್ನುವುದು. ಆಮೇಲೆ ವರ್ಷದ ಕಷ್ಟ, ನಾಲ್ಕೈದು ವಾಕ್ಯದಲ್ಲಿ. ಇಲ್ಲಿ ನಿಮ್ಮ ಕಷ್ಟ ಹೇಳಿಕೊಳ್ಳಬೇಡಿ, ಅವರಿಗಾದ ಕಷ್ಟ ಹೇಳಿ. ಬರ ಮೊದಲು ತಟ್ಟಿದ್ದು ಹೊಲದವರಿಗೆ, ಹಸು ಕಟ್ಟಿದವರಿಗೆ, ಭಟ್ಟಿಯವರಿಗೆ. ಹೋಟೆಲಿಗೆ ಬಿಸಿ ತಟ್ಟಿದ್ದು ಆಮೇಲೆ. ನಂತರ ಮೂರು ಸಂಗತಿ. ಪ್ರತಿಯೊಂದರಲ್ಲೂ ಯಾವಾಗ, ಯಾರು, ಏನು ಮಾಡಿದರು, ಅದರಿಂದ ನಮ್ಮಲ್ಲಿ ಏನು ಉಳಿಯಿತು ಎಂಬ ನಾಲ್ಕೂ ಇರಲಿ. ಕೊನೆಯದನ್ನೇ ಬಹಳ ಜನ ಮರೆಯುತ್ತಾರೆ. "ಬಂದ್ ಹಿಂದಿನ ರಾತ್ರಿ ಕಾಯಿ ತಂದರು" ಎಂದು ನಿಲ್ಲಿಸಿದರೆ ಅರ್ಧ ಮಾತು. "ಹಾಗಾಗಿ ಬಂದ್ ಮುಗಿದ ಮರುದಿನ ಬೆಳಗ್ಗೆ ಚಟ್ನಿಗೆ ಕಾಯಿ ಇತ್ತು" ಎಂದಾಗಲೇ ಮಾತು ಪೂರ್ತಿ.

ಮೂರು ಸಂಗತಿ ಮುಗಿದ ಮೇಲೆ ಉಳಿದವರೆಲ್ಲರಿಗೂ ಸೇರಿಸಿ ಎರಡು ವಾಕ್ಯ. ಕೊನೆಗೆ ನಿಮ್ಮ ಕಡೆಯಿಂದ ಒಂದು ಮಾತು ಕೊಡಿ. ಅದು ಮರುವಾರದಿಂದಲೇ ನಡೆಸಬಲ್ಲ ಮಾತಾಗಿರಲಿ. ಬಿಲ್ಲು ಚುಕ್ತಾ ಮಾಡುವ ದಿನ ಗೊತ್ತು ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. "ವ್ಯಾಪಾರ ಜಾಸ್ತಿ ಮಾಡುತ್ತೇನೆ", "ಬೇರೆಯವರ ಹತ್ತಿರ ತಗೊಳ್ಳುವುದೇ ಇಲ್ಲ" ಎಂಬ ಮಾತು ಕೊಡಬೇಡಿ. ಮಳೆ ಮತ್ತೆ ಹೋದರೆ ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

## ಪೂರ್ತಿ ಮಾದರಿ

ಗೆರೆ ಇರುವ ಕಡೆ ಹೆಸರು ತುಂಬಿಕೊಳ್ಳಿ.

> ಎಲ್ಲರಿಗೂ ನಮಸ್ಕಾರ. ಊರು ಏಳುವ ಮೊದಲೇ ಎದ್ದು ಮಾಲು ತರುವವರು ನೀವು. ಬಿಡುವು ಮಾಡಿಕೊಂಡು ಬಂದಿದ್ದೀರಿ. ಊಟ ತಯಾರಿದೆ. ನನ್ನ ಮಾತು ಮೂರೇ ನಿಮಿಷ.
>
> ಹೋದ ವರ್ಷ ಮಳೆ ಬರಲಿಲ್ಲ. ಭದ್ರಾ ಡ್ಯಾಂ ತುಂಬಲಿಲ್ಲ. ಭತ್ತ ದುಬಾರಿಯಾಯಿತು. ಮೇವಿಲ್ಲದೆ ಹಾಲು ಕಡಿಮೆಯಾಯಿತು. ಇದೆಲ್ಲ ನಮಗಿಂತ ಮೊದಲು ತಟ್ಟಿದ್ದು ನಿಮಗೆ. ಆದರೂ ಮಾಲಿಲ್ಲ ಅಂತ ನಮ್ಮ ಹೋಟೆಲು ಒಂದು ದಿನವೂ ಬಾಗಿಲು ಹಾಕಲಿಲ್ಲ. ಅದು ಹೇಗಾಯಿತು ಅಂತ ಮೂರು ಸಂಗತಿ ಹೇಳುತ್ತೇನೆ.
>
> ಸೆಪ್ಟೆಂಬರ್ 29ಕ್ಕೆ ಕರ್ನಾಟಕ ಬಂದ್ ಇತ್ತು. ನಾವು ಯಾರೂ ಫೋನ್ ಮಾಡಿರಲಿಲ್ಲ. ______ ಸಾವ್ಕಾರ್ರು ಹಿಂದಿನ ರಾತ್ರಿಯೇ ಇನ್ನೊಂದು ಸಲ ಕಾಯಿ ಕಳಿಸಿದರು. ಹೊಸದುರ್ಗದಿಂದ ರಾತ್ರಿ ಟೆಂಪೊ ಓಡಿಸಿಕೊಂಡು ಬಂದವರು ______ ಅಣ್ಣ, ಇಲ್ಲೇ ಕೂತಿದ್ದಾರೆ. ಬಂದ್ ಮುಗಿದ ಮರುದಿನ ಬೆಳಗ್ಗೆ ಚಟ್ನಿಗೆ ಕಾಯಿ ಇದ್ದದ್ದು ಇವರಿಬ್ಬರಿಂದ.
>
> ಭತ್ತದ ದರ ಏರಿದಾಗ ನಮಗೆ ಬರುವ ಮಂಡಕ್ಕಿ ಬದಲಾಗುತ್ತದೇನೋ ಅಂತ ಭಯ ಇತ್ತು. ______ ಭಾಯಿ ಅವರ ಭಟ್ಟಿಯಿಂದ ಬಂದ ಒಂದೇ ಒಂದು ಚೀಲವೂ ಮೊದಲಿಗಿಂತ ಕಡಿಮೆ ಇರಲಿಲ್ಲ. ಹಿಟ್ಟಿನ ಅಳತೆ ಬದಲಿಸುವ ಪ್ರಸಂಗವೇ ನಮಗೆ ಬರಲಿಲ್ಲ. ದೋಸೆ ತಿಂದವರಿಗೆ ಬರ ಬಂದಿದ್ದು ಗೊತ್ತಾಗಲಿಲ್ಲ.
>
> ಮೂರನೆಯದು ಬೆಣ್ಣೆ. ಮಾರ್ಚ್‌ನಲ್ಲಿ ______ ಅಣ್ಣನಿಗೆ ಕೆಲವು ದಿನ ಪೂರ್ತಿ ಬೆಣ್ಣೆ ಕೊಡಲು ಆಗಲಿಲ್ಲ. ಆದರೆ ಪ್ರತಿ ಸಲವೂ ಹಿಂದಿನ ಸಂಜೆಯೇ ತಿಳಿಸಿದರು. ಆ ಒಂದು ರಾತ್ರಿ ನಮ್ಮ ಕೈಯಲ್ಲಿ ಇದ್ದದ್ದಕ್ಕೆ ನಾವು ದಾರಿ ಹುಡುಕಿಕೊಂಡೆವು. ಅಣ್ಣ, ನೀವು ತಂದ ಬೆಣ್ಣೆಗೆ ಎಷ್ಟು ಋಣಿಯೋ, ನೀವು ಮೊದಲೇ ಹೇಳಿದ ಆ ಮಾತಿಗೂ ಅಷ್ಟೇ ಋಣಿ.
>
> ಎಲೆ, ಸೌದೆ, ಸೊಪ್ಪು, ಆಲೂಗಡ್ಡೆ, ಬೇಳೆ ಕೊಟ್ಟ ನಿಮ್ಮೆಲ್ಲರ ಬಗ್ಗೆಯೂ ನಮ್ಮ ಪುಸ್ತಕದಲ್ಲಿ ಇಂಥ ದಿನಗಳಿವೆ. ಶಾಲು ಕೊಡುವಾಗ ಒಬ್ಬೊಬ್ಬರಿಗೂ ಹೇಳುತ್ತೇನೆ.
>
> ನಮ್ಮ ಕಡೆಯಿಂದ ಒಂದು ಮಾತು. ಈ ವಾರದಿಂದ ಪ್ರತಿ ಶನಿವಾರ ಸಂಜೆಯೊಳಗೆ ಆ ವಾರದ ಬಿಲ್ಲು ಚುಕ್ತಾ ಆಗುತ್ತದೆ. ಆಗದಿದ್ದರೆ ಶುಕ್ರವಾರವೇ ನಾನೇ ಫೋನ್ ಮಾಡಿ ಹೇಳುತ್ತೇನೆ. ಅದನ್ನು ನಿಮ್ಮಿಂದಲೇ ಕಲಿತಿದ್ದು. ಎಲ್ಲರಿಗೂ ಧನ್ಯವಾದ. ಬನ್ನಿ, ಊಟಕ್ಕೆ ಏಳೋಣ.

ಇದರಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಬೆಣ್ಣೆ ಕಡಿಮೆ ಬಂದಿದ್ದನ್ನು ಬಾಯಿಬಿಟ್ಟು ಹೇಳಿದೆ, ಎಷ್ಟು ಕೆಜಿ ಎಂದು ಹೇಳಿಲ್ಲ. ಅಂಕಿ ಹೇಳಿದರೆ ಕೊರತೆಯೇ ಎದ್ದು ಕಾಣುತ್ತದೆ. ಅಂಕಿ ನಿಮ್ಮ ಪುಸ್ತಕದಲ್ಲಿರಲಿ.

## ಹಂತ 6: ಓದಿ ನೋಡಿ, ಈ ಗುರುತುಗಳು ಸಿಕ್ಕರೆ ತಿದ್ದಿ

ಬರೆದದ್ದನ್ನು ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಓದಿ. ಮೂರೂವರೆ ನಿಮಿಷ ದಾಟಿದರೆ ಕಷ್ಟದ ವರ್ಷದ ಭಾಗದಿಂದ ಕತ್ತರಿಸಿ, ಸಂಗತಿಗಳಿಂದ ಬೇಡ. ಬರ ಏನೆಂದು ಆ ಸಭೆಗೆ ಯಾರೂ ವಿವರಿಸಬೇಕಾಗಿಲ್ಲ.

ಆಮೇಲೆ ಒಂದು ಪರೀಕ್ಷೆ ಮಾಡಿ. ಹೆಸರುಗಳನ್ನೆಲ್ಲ ಬೆರಳಿನಿಂದ ಮುಚ್ಚಿಕೊಂಡು ಓದಿ. ಯಾರ ಬಗ್ಗೆ ಎಂದು ಆಗಲೂ ಗೊತ್ತಾದರೆ ಸರಿ ಇದೆ. ಯಾರಿಗೆ ಬೇಕಾದರೂ ಹೊಂದುವಂತಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ.

"ಬೇರೆಯವರು ಕೈಬಿಟ್ಟಾಗ ಇವರು ಮಾತ್ರ" ಎಂಬಂಥ ವಾಕ್ಯ ಕಂಡರೆ ಅಲ್ಲೇ ಹೊಡೆದುಹಾಕಿ. ಕೈಬಿಟ್ಟವರು ಅಥವಾ ಅವರ ನೆಂಟರು ಸಭೆಯಲ್ಲಿರುತ್ತಾರೆ. ಬರದಲ್ಲಿ ಕೈಬಿಟ್ಟವರಿಗೂ ತಮ್ಮದೇ ಕಾರಣ ಇರುತ್ತದೆ. "ಮುಂದೆಯೂ ಹೀಗೇ ದರ ನೋಡಿಕೊಳ್ಳಿ" ಎಂಬ ಮಾತು ನಗುತ್ತಾ ಹೇಳಿದರೂ ಚೌಕಾಸಿಯೇ. ಧನ್ಯವಾದದ ದಿನ ಅದು ಬೇಡ. ಹೋಟೆಲಿನ ಹೊಸ ಶಾಖೆ, ಪ್ರಶಸ್ತಿ, ಪತ್ರಿಕೆಯಲ್ಲಿ ಬಂದ ಫೋಟೊ, ಯಾವುದೂ ಇಲ್ಲಿ ಬರಬಾರದು.

ಕೊನೆಗೆ, ಮಾಲು ತೂಗುವ ಹುಡುಗನಿಗೆ ಒಮ್ಮೆ ಓದಿ ಹೇಳಿ. ದಿನಾಂಕ ತಪ್ಪಿದ್ದರೆ, ಬಂದವರು ಬೇರೆಯವರಾಗಿದ್ದರೆ ಅವನೇ ಹಿಡಿಯುತ್ತಾನೆ. ಸಭೆಯಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಹಾಕಿದರೆ ಆಮೇಲೆ ಸರಿಮಾಡುವುದು ಬಹಳ ಕಷ್ಟ.

## ಹಂತ 7: ಆ ದಿನ

ಮಾಲು ಕೊಡುವವರು ಬೆಳಗ್ಗೆ ಬಿಡುವಾಗಿರುವುದಿಲ್ಲ, ರಾತ್ರಿ ಬೇಗ ಮಲಗುತ್ತಾರೆ. ಮಧ್ಯಾಹ್ನ ಒಂದೂವರೆಗೆ ಕರೆದು, ಭಾಷಣ ಮುಗಿಸಿ, ಶಾಲು ಹೊದಿಸಿ ಊಟಕ್ಕೆ ಕೂರಿಸುವುದು ಎಲ್ಲರಿಗೂ ಅನುಕೂಲ. ಊಟ ಆದ ಮೇಲೆ ಭಾಷಣ ಇಟ್ಟರೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಸಂಜೆಯ ಮಾಲು ನೋಡಬೇಕಲ್ಲ.

ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ ಕೈಯಲ್ಲಿರಲಿ. ನೋಡಿಕೊಂಡು ಓದಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೆಸರು ಬಂದಾಗ ಮಾತ್ರ ತಲೆ ಎತ್ತಿ ಆ ಮನುಷ್ಯರನ್ನೇ ನೋಡಿ, ಒಂದು ಕ್ಷಣ ನಿಲ್ಲಿ. ಸಭೆಗೆ ಮೊದಲೇ ಅವರು ಎಲ್ಲಿ ಕೂತಿದ್ದಾರೆ ಎಂದು ನೋಡಿಟ್ಟುಕೊಂಡಿದ್ದರೆ ಹುಡುಕುವ ಪ್ರಸಂಗ ಬರುವುದಿಲ್ಲ. ಮೂವರಲ್ಲಿ ಒಬ್ಬರು ಬಂದಿಲ್ಲವೆಂದರೂ ಅವರ ಸಂಗತಿ ತೆಗೆಯಬೇಡಿ. ಹಾಗೇ ಓದಿ, ಅವರ ಪರವಾಗಿ ಬಂದ ಮಗನಿಗೋ ಕೆಲಸದವರಿಗೋ ಶಾಲು ಕೊಡಿ, ಸಂಜೆ ನೀವೇ ಫೋನ್ ಮಾಡಿ ಹೇಳಿ.

ಮೊದಲ ಶನಿವಾರದ ಹಣ ಹೊಂದಿಸಿಟ್ಟುಕೊಂಡೇ ಮೈಕಿನ ಮುಂದೆ ಹೋಗಿ. ಆ ಶನಿವಾರ ಬಿಲ್ಲು ಚುಕ್ತಾ ಆಗದಿದ್ದರೆ, ಸೋಮವಾರದ ಹೊತ್ತಿಗೆ ಈ ಇಪ್ಪತ್ತು ಜನಕ್ಕೂ ಅದು ಗೊತ್ತಾಗಿರುತ್ತದೆ.